ಒಗೆದ ನೀರಿಗೆ ಜಾಲರಿ ಚೀಲ ಕಟ್ಟಿದ ಮೇಲೆ

ಮಗಳ ಹೊಸ ಫ್ಲೀಸ್ ಹೊದಿಕೆಯನ್ನು ಮೊದಲ ಸಲ ಮಷೀನಿಗೆ ಹಾಕಿದ ದಿನ, ಬಚ್ಚಲಿನ ನೀರು ಹೋಗುವ ಜಾಲರಿಯ ಮೇಲೆ ಗುಲಾಬಿ ಬಣ್ಣದ ತೆಳು ಪೊರೆಯೊಂದು ಕೂತಿತ್ತು. ಮುಟ್ಟಿದರೆ ಹತ್ತಿಯಂತೆ ಮೃದುವಾಗಿತ್ತು. ಒಣಗಿಸಿ, ಸೂಜಿಯ ತುದಿಯನ್ನು ಒಲೆಯಲ್ಲಿ ಕಾಯಿಸಿ ಒಂದು ಎಳೆಗೆ ತಾಗಿಸಿದೆ. ಎಳೆ ಮುದುಡಿ, ಕರಗಿ, ಪುಟ್ಟ ಮಣಿಯಾಗಿ ಸೂಜಿಗೆ ಅಂಟಿಕೊಂಡಿತು. ಪಂಚೆಯಿಂದ ಕಿತ್ತ ನೂಲಿಗೆ ಅದೇ ಸೂಜಿ ತಾಗಿಸಿದಾಗ ನೂಲು ಕಪ್ಪಾಯಿತೇ ಹೊರತು ಕರಗಲಿಲ್ಲ. ಹೊದಿಕೆಯಿಂದ ಉದುರಿದ್ದು ಪ್ಲಾಸ್ಟಿಕ್ ಎಂಬುದಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇಕಿಲ್ಲ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಉದುರಬಹುದು. ನನ್ನ ಮನೆಯಲ್ಲಿ ಎಷ್ಟು ಉದುರುತ್ತದೆ ಎಂದು ನೋಡಬೇಕೆನಿಸಿತು.

ಮೊದಲು ಹಳೆಯ ನೈಲಾನ್ ಕಾಲುಚೀಲವನ್ನು ನೀರು ಬಿಡುವ ಕೊಳವೆಯ ತುದಿಗೆ ಕಟ್ಟಿದೆ. ಮೂರನೆಯ ಒಗೆತಕ್ಕೇ ಅದು ಮುಚ್ಚಿಹೋಗಿ, ನೀರು ಹೊರಬರದೆ ಮಷೀನು ನಿಂತಿತು. ನಮ್ಮದು ಮೇಲಿನಿಂದ ಬಟ್ಟೆ ಹಾಕುವ ಮಷೀನು. ಅದರಲ್ಲಿ ನೀರನ್ನು ತಳ್ಳುವ ಪಂಪ್ ಇಲ್ಲ, ಇಳಿಜಾರಿಗೆ ತಾನೇ ಹರಿದುಹೋಗಬೇಕು. ಹಾಗಾಗಿ ಚಿಕ್ಕ ಚೀಲ ಅದಕ್ಕೆ ಆಗಿಬರುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಿಂದ ನುಣುಪಾದ ಜಾಲರಿ ಬಟ್ಟೆ ತಂದು, ದಿಂಬಿನ ಕವರಿನಷ್ಟು ದೊಡ್ಡ ಚೀಲ ಹೊಲಿದೆ. ಕತ್ತರಿಸಿದ ಅಂಚು ತಾನೇ ಎಳೆ ಬಿಡುತ್ತದೆಂದು ಅದನ್ನು ಎರಡು ಸಲ ಮಡಚಿ ಹೊಲಿಯಬೇಕಾಯಿತು. ಕೊಳವೆಗೆ ಕ್ಲಿಪ್ಪಿನಿಂದ ಬಿಗಿದು ಚೀಲವನ್ನು ನೆಲದ ಮೇಲೆ ಮಲಗಿಸಿದರೆ, ನೀರು ಎಲ್ಲ ಕಡೆಯಿಂದ ಜಿನುಗಿ ಹೋಗುತ್ತದೆ. ಎಳೆ ಬಹಳ ಸಪೂರ, ತುದಿ ಮುಂದಾಗಿ ಬಂದರೆ ಜಾಲರಿಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಆದರೆ ಎರಡು ಮೂರು ಒಗೆತಗಳಾದ ಮೇಲೆ ಸಿಕ್ಕಿಬಿದ್ದ ನಾರೇ ಒಂದು ಪದರವಾಗಿ ಇನ್ನಷ್ಟನ್ನು ಹಿಡಿಯತೊಡಗುತ್ತದೆ. ತಿಂಗಳಿಗೆ ಹನ್ನೆರಡು ಒಗೆತಕ್ಕೆ ಆರೇಳು ಗ್ರಾಂ ಸಿಕ್ಕಿತು. ಹತ್ತಿಯ ನಾರೂ ಅದರಲ್ಲಿ ಸೇರಿದೆ.

ನಾನು ಮಾಡಿದ ದೊಡ್ಡ ತಪ್ಪೆಂದರೆ, ಆ ಚೀಲವನ್ನು ನಲ್ಲಿಯ ಕೆಳಗೆ ತೊಳೆದದ್ದು. ಹಿಡಿದದ್ದೆಲ್ಲ ಮತ್ತೆ ಅದೇ ಚರಂಡಿಗೆ ಹೋಯಿತು. ಈಗ ಚೀಲವನ್ನು ಒಣಗಿಸಿ, ಒಳಗನ್ನು ಹೊರಗೆ ಮಾಡಿ, ಕೈಯಿಂದ ಸುಲಿದು, ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಹಾಕುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿಗೆ ಸ್ವಂತ ಕೊಳಚೆ ಶುದ್ಧೀಕರಣ ಘಟಕವಿದೆ. ಈ ನಾರೆಲ್ಲ ಅಲ್ಲೇ ನಿಲ್ಲುವುದಿಲ್ಲವೇ ಎಂದು ಅದನ್ನು ನೋಡಿಕೊಳ್ಳುವವರನ್ನು ಕೇಳಿದೆ.

‘ನಿಲ್ಲುತ್ತದೆ ಸಾರ್, ಹೆಚ್ಚಿನದು ತಳದಲ್ಲಿ ಕೂರುವ ಕೆಸರಿನಲ್ಲೇ, ಸ್ಲಡ್ಜಿನಲ್ಲೇ ನಿಲ್ಲುತ್ತದೆ’ ಎಂದರು.

‘ಆ ಸ್ಲಡ್ಜ್ ಎಲ್ಲಿಗೆ ಹೋಗುತ್ತದೆ?’

‘ಗೊಬ್ಬರಕ್ಕೆ. ತೆಂಗಿನ ತೋಟದವರು ಬಂದು ಒಯ್ಯುತ್ತಾರೆ.’

ಉತ್ತರ ಕೇಳಿ ಸುಮ್ಮನೆ ನಿಂತೆ. ನೀರಿನಿಂದ ಬೇರ್ಪಟ್ಟ ನಾರು ಹೊಲ ಸೇರುತ್ತದೆ. ಮಣ್ಣಿನಲ್ಲಿ ಅದು ಕೊಳೆಯುವುದಿಲ್ಲ, ಜೋರು ಮಳೆಗೆ ಮೇಲ್ಮಣ್ಣಿನೊಂದಿಗೆ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಕಡೆಯ ಹಳ್ಳಗಳು ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಘಟಕವಿದೆ ಎಂದು ನಿಶ್ಚಿಂತನಾಗಿದ್ದವನಿಗೆ, ಎಳೆಯನ್ನು ಮನೆಯಲ್ಲೇ, ಕೊಳಚೆಯೊಂದಿಗೆ ಬೆರೆಯುವ ಮೊದಲೇ ಹಿಡಿಯಬೇಕೆಂದು ಅಂದು ಖಚಿತವಾಯಿತು. ಒಗೆಯುವ ಕ್ರಮವನ್ನೂ ಬದಲಿಸಿದೆವು. ತುಂಬಿದ ಮಷೀನು, ತಣ್ಣೀರು, ಚಿಕ್ಕ ಅವಧಿ. ಕಡಿಮೆ ಬಟ್ಟೆಗೆ ಹೆಚ್ಚು ನೀರು ಬಿಟ್ಟು ತಿರುಗಿಸಿದರೆ ಎಳೆ ಹೆಚ್ಚು ಉದುರುತ್ತದೆ.

ನನ್ನ ಭಾವಮೈದುನ ಸಿದ್ಧ ಉಡುಪು ತೊಳೆಯುವ ಚಿಕ್ಕ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವನನ್ನು ಕಾಣಲು ಹೋದಾಗ ತೊಳೆದ ನೀರಿಗೆ ಅಲ್ಲಿ ಜಾಲರಿಯೂ ತೊಟ್ಟಿಯೂ ಇದ್ದವು. ಆದರೆ ತಾರಸಿಗೆ ಹತ್ತಿದಾಗ, ಒಣಗಿಸುವ ಯಂತ್ರಗಳ ಬಿಸಿಗಾಳಿ ಹೊರಬರುವ ಕೊಳವೆಗಳ ಸುತ್ತ ಬೂದು ಬಣ್ಣದ ನಾರು ಪಾದ ಮುಳುಗುವಷ್ಟು ಬಿದ್ದಿತ್ತು. ಮಳೆ ನೀರಿನ ಕೊಳವೆ ಅಲ್ಲಿಂದ ನೇರವಾಗಿ ರಸ್ತೆಯ ಚರಂಡಿಗೆ. ಅಂದರೆ ಈ ನಾರಿಗೆ ಯಾವ ಶುದ್ಧೀಕರಣದ ಹಂಗೂ ಇರಲಿಲ್ಲ. ಅವನು ಮಾಲೀಕರನ್ನು ಒಪ್ಪಿಸಿ ಕೊಳವೆಗಳ ಬಾಯಿಗೆ ದಪ್ಪ ಬಟ್ಟೆಯ ಚೀಲಗಳನ್ನು ಹಾಕಿಸಿದ. ಚೀಲ ತುಂಬಿದರೆ ಗಾಳಿ ಕಟ್ಟಿ ಬಟ್ಟೆ ಒಣಗುವುದು ತಡವಾಗುತ್ತದೆ, ಜೊತೆಗೆ ಒಣ ನಾರು ಬೇಗ ಬೆಂಕಿ ಹಿಡಿಯುತ್ತದೆ. ಆದ್ದರಿಂದ ಪ್ರತಿ ಪಾಳಿಯ ಕೊನೆಗೆ ಬಿಚ್ಚಿ ಖಾಲಿ ಮಾಡಲೇಬೇಕು. ನೆಲವನ್ನು ಪೈಪಿನಿಂದ ತೊಳೆಯುವ ಬದಲು ಗುಡಿಸುವಂತೆಯೂ ಹೇಳಿದ್ದಾನೆ, ಏಕೆಂದರೆ ಉಡುಪಿನ ಪ್ಲಾಸ್ಟಿಕ್ ಕವರುಗಳನ್ನು ಹರಿದಾಗ ಬೀಳುವ ಚೂರುಗಳೂ ಆ ನೀರಿನೊಂದಿಗೇ ಹೋಗುತ್ತಿದ್ದವು.

ಮನೆಯಲ್ಲಿ ಅದೇ ಚೂರು ಹಾಲಿನ ಪ್ಯಾಕೆಟ್ಟಿನದು. ತುದಿ ಕತ್ತರಿಸಿ ಸಿಂಕಿಗೆ ಬಿದ್ದರೆ ಕೈಗೆ ಸಿಗದು. ಈಗ ಹೆಂಡತಿ ತುದಿಯನ್ನು ಪೂರ್ತಿ ಕತ್ತರಿಸದೆ, ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸೀಳುತ್ತಾಳೆ. ತೊಳೆದು ಒಣಗಿಸಿದ ಪ್ಯಾಕೆಟ್ಟುಗಳು ಜಾಲರಿ ಚೀಲದ ಪಕ್ಕದ ತಂತಿಯಲ್ಲೇ ತೂಗಾಡುತ್ತಿರುತ್ತವೆ.