ಗಾಳಿ ಸೋರಿಕೆ ಟೆಸ್ಟ್‌ನಿಂದ ಹೀಟಿಂಗ್ ಲೋಡ್‌ವರೆಗೆ: 24 ಮಹಡಿಯ ಕಟ್ಟಡದಲ್ಲಿ ನಾನು ಮಾಡಿದ್ದು

ಟೊರಾಂಟೊದಲ್ಲಿ 24 ಮಹಡಿಯ ಒಂದು ಹಳೆಯ ಆಫೀಸ್ ಕಟ್ಟಡ. ಹೊರಗಿನ ಗಾಜು, ಪ್ಯಾನೆಲ್ ಎಲ್ಲ ತೆಗೆದು ಹೊಸದು ಹಾಕಿದ್ದರು. ಆಮೇಲೆ ಹೀಟಿಂಗ್ ವ್ಯವಸ್ಥೆಯನ್ನೂ ಬದಲಿಸಬೇಕಿತ್ತು, ಆ ಕೆಲಸ ನನಗೆ ಬಂತು. ಮೇ ತಿಂಗಳಲ್ಲಿ ಇಡೀ ಕಟ್ಟಡದ ಗಾಳಿ ಸೋರಿಕೆ ಟೆಸ್ಟ್ ಆಗಿತ್ತು. ರಿಪೋರ್ಟ್ ಕೈಯಲ್ಲಿತ್ತು: 75 ಪ್ಯಾಸ್ಕಲ್ ಒತ್ತಡದಲ್ಲಿ ಹೊರಮೈಯ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 1.5 ಲೀಟರ್. ಒಳ್ಳೆಯ ಫಲಿತಾಂಶವೇ.

ಈ ಸಂಖ್ಯೆಯನ್ನು ಪ್ರತಿ ಮಹಡಿಯ ಹೀಟಿಂಗ್ ಲೋಡ್ ಆಗಿ, ಅಂದರೆ ಎಷ್ಟು ಬಿಸಿ ಕೊಡಬೇಕು ಅನ್ನುವ ಅಂಕಿಯಾಗಿ, ಬದಲಿಸುವಾಗ ನಾನು ಮೊದಲು ತಪ್ಪು ಮಾಡಿದೆ. ಎನರ್ಜಿ ಮಾಡೆಲ್‌ನಲ್ಲಿ ಎಲ್ಲರೂ ಬಳಸುವ 0.112 ಎಂಬ ಗುಣಕದಿಂದ ಗುಣಿಸಿ, ಎಲ್ಲ ಮಹಡಿಗೂ ಒಂದೇ ಅಂಕಿ ಹಾಕಿ, ಲೆಕ್ಕದ ಶೀಟನ್ನು ನಮ್ಮ ಬೆಂಗಳೂರು ಆಫೀಸಿಗೆ ಕಳಿಸಿದೆ. ಅಲ್ಲಿ ಅದನ್ನು ಪರಿಶೀಲಿಸುವ ಹುಡುಗಿ ಫೋನ್ ಮಾಡಿ, "ಸರ್, ಒಂದನೇ ಮಹಡಿಗೂ 24ನೇ ಮಹಡಿಗೂ ಒಂದೇ ನಂಬರ್ ಇದೆಯಲ್ಲ, ಸರಿನಾ?" ಅಂತ ಕೇಳಿದಳು. ಸರಿ ಇರಲಿಲ್ಲ. ಅವಳು ಕೇಳದಿದ್ದರೆ ಕೆಳಗಿನ ಮಹಡಿಯವರು ಚಳಿಗಾಲ ಪೂರ್ತಿ ಕೋಟು ಹಾಕಿಕೊಂಡೇ ಕೂರಬೇಕಾಗುತ್ತಿತ್ತು.

ಆ 0.112 ಎಲ್ಲಿಂದ ಬಂತು ಅಂತ ಬಿಚ್ಚಿ ನೋಡಿದರೆ ವಿಷಯ ಗೊತ್ತಾಗುತ್ತದೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಎನರ್ಜಿ ಮಾಡೆಲ್‌ಗಳಿಗಾಗಿ ಮಾಡಿದ ಲೆಕ್ಕ ಅದು. ಚಾವಣಿಯ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 4.47 ಮೀಟರ್ ಬೀಸುತ್ತಿದೆ ಅಂತ ಇಟ್ಟುಕೊಂಡು, ನಾಲ್ಕೂ ಗೋಡೆಗಳ ಸರಾಸರಿ ಒತ್ತಡ ತೆಗೆದಿದ್ದಾರೆ. ಅದು ಹತ್ತಿರ ಹತ್ತಿರ 2 ಪ್ಯಾಸ್ಕಲ್ ಆಗುತ್ತದೆ, ಅಷ್ಟೇ. ಒಳಗೆ ಬಿಸಿ, ಹೊರಗೆ ಚಳಿ ಇದ್ದಾಗ ಎತ್ತರದ ಕಟ್ಟಡ ಚಿಮಣಿಯ ಹಾಗೆ ಕೆಳಗಿಂದ ಗಾಳಿ ಎಳೆಯುತ್ತದಲ್ಲ, ಆ ಸ್ಟ್ಯಾಕ್ ಎಫೆಕ್ಟ್ ಅದರಲ್ಲಿ ಇಲ್ಲವೇ ಇಲ್ಲ. ವರ್ಷದ ಒಟ್ಟು ಇಂಧನದ ಅಂದಾಜಿಗೆ ಅದು ನಡೆಯುತ್ತದೆ. ಅತಿ ಚಳಿಯ ರಾತ್ರಿಗೆ ಹೀಟರ್ ಗಾತ್ರ ನಿರ್ಧರಿಸಲು ನಡೆಯುವುದಿಲ್ಲ.

ಹಾಗಾಗಿ ಮೊದಲಿನಿಂದ ಶುರು ಮಾಡಿದೆ. ಬೇಕಾದ ಸೂತ್ರ ಎರಡೇ:

```
Q  = C × ΔP^n
ΔP = γ × (ρo − ρi) × g × h
```

ಮೊದಲನೆಯದು ಟೆಸ್ಟಿನದು: `Q` ಸೋರುವ ಗಾಳಿ, `ΔP` ಒಳಹೊರಗಿನ ಒತ್ತಡದ ವ್ಯತ್ಯಾಸ, `C` ಮತ್ತು `n` ಟೆಸ್ಟಿನಿಂದ ಸಿಗುವ ಅಂಕಿಗಳು. ಕಟ್ಟಡದ ಪ್ರತಿ ಮಹಡಿ 40 ಮೀಟರ್ ಉದ್ದ, 30 ಮೀಟರ್ ಅಗಲ, 4 ಮೀಟರ್ ಎತ್ತರ. ಗೋಡೆ, ಚಾವಣಿ, ನೆಲ ಎಲ್ಲ ಸೇರಿ 15,840 ಚದರ ಮೀಟರ್. ಇದನ್ನು 1.5ರಿಂದ ಗುಣಿಸಿದರೆ 75 ಪ್ಯಾಸ್ಕಲ್‌ನಲ್ಲಿ ಒಟ್ಟು ಸೋರಿಕೆ ಸೆಕೆಂಡಿಗೆ 23,760 ಲೀಟರ್. ಇಲ್ಲಿ ಬಹಳ ಜನ ಎಡವುತ್ತಾರೆ. ರಿಪೋರ್ಟಿನ ಅಂಕಿ ಚಾವಣಿ, ನೆಲ ಸೇರಿದ ವಿಸ್ತೀರ್ಣಕ್ಕೆ ಭಾಗಿಸಿದ್ದು, ಆದರೆ ಲೋಡ್ ಲೆಕ್ಕದಲ್ಲಿ ಅದನ್ನು ಬರೀ ಗೋಡೆಯ ವಿಸ್ತೀರ್ಣಕ್ಕೆ ಗುಣಿಸಿಬಿಡುತ್ತಾರೆ. ನನ್ನ ಕಟ್ಟಡದಲ್ಲಿ ಹಾಗೆ ಮಾಡಿದ್ದರೆ 15% ಸೋರಿಕೆ ಸುಮ್ನೆ ಮಾಯವಾಗುತ್ತಿತ್ತು. ನಾನು ಎಲ್ಲ ಸೋರಿಕೆಯನ್ನೂ ಗೋಡೆಗಳಿಗೇ ಹಂಚಿದೆ. ನೆಲದ ಕಾಂಕ್ರೀಟಿನಲ್ಲಿ ಸೋರುವುದು ಕಡಿಮೆ, ಹೊಸದಾಗಿ ಮಾಡಿದ ಚಾವಣಿಯಲ್ಲೂ ಅಷ್ಟೇ. ಆಗ ಮಹಡಿಗೆ 990 ಲೀಟರ್ ಬಂತು, 75 ಪ್ಯಾಸ್ಕಲ್‌ನಲ್ಲಿ.

ರಿಪೋರ್ಟಿನಲ್ಲಿ `n` ಬೆಲೆ 0.62 ಇತ್ತು. ಅಳೆದ ಬೆಲೆ ಇದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ 0.65 ಹಿಡಿಯುವುದು ರೂಢಿ. ಕೆಳಗಿನ ಮಹಡಿಗಳಿಗೆ ಇದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ, ಯಾಕೆಂದರೆ ಅಲ್ಲಿನ ಒತ್ತಡ ಟೆಸ್ಟಿನ ಒತ್ತಡಕ್ಕೆ ಹತ್ತಿರವೇ ಇರುತ್ತದೆ. 4 ಪ್ಯಾಸ್ಕಲ್‌ನಷ್ಟು ಇರುವ ನಡು ಮಹಡಿಗಳಲ್ಲಿ 8% ವ್ಯತ್ಯಾಸ ಬರುತ್ತದೆ.

ಎರಡನೇ ಸೂತ್ರ ಸ್ಟ್ಯಾಕ್ ಒತ್ತಡದ್ದು. ಟೊರಾಂಟೊದ ಚಳಿಗಾಲದ ಡಿಸೈನ್ ತಾಪಮಾನ, ಅಂದರೆ ಹೀಟರ್ ಲೆಕ್ಕಕ್ಕೆ ಹಿಡಿಯುವ ಚಳಿ, ಮೈನಸ್ 18 ಡಿಗ್ರಿ, ಒಳಗೆ 21. ಹೊರಗಿನ ಗಾಳಿಯ ಸಾಂದ್ರತೆ `ρo` ಘನ ಮೀಟರಿಗೆ 1.38 ಕೆಜಿ, ಒಳಗಿನದು `ρi` 1.20 ಕೆಜಿ. ಈ ಸಣ್ಣ ವ್ಯತ್ಯಾಸವೇ ಎತ್ತರದ ಪ್ರತಿ ಮೀಟರಿಗೆ 1.8 ಪ್ಯಾಸ್ಕಲ್ ಒತ್ತಡ ಕೊಡುತ್ತದೆ. `h` ಅಂದರೆ ನ್ಯೂಟ್ರಲ್ ಲೆವೆಲ್‌ನಿಂದ, ಅಂದರೆ ಒಳಗಿನ ಹೊರಗಿನ ಒತ್ತಡ ಸಮ ಇರುವ ಎತ್ತರದಿಂದ, ಆ ಮಹಡಿ ಎಷ್ಟು ದೂರ ಅನ್ನುವುದು. ಅದನ್ನು ನಾನು ಕಟ್ಟಡದ ನಡುವೆ, 48 ಮೀಟರಿನಲ್ಲಿ ಇಟ್ಟೆ. `γ` ಅಂದರೆ ಆ ಒತ್ತಡದಲ್ಲಿ ಎಷ್ಟು ಪಾಲು ಹೊರಗೋಡೆಯ ಮೇಲೆ ಬೀಳುತ್ತದೆ ಅನ್ನುವುದು. ಉಳಿದದ್ದು ಲಿಫ್ಟ್ ಬಾಗಿಲು, ಮೆಟ್ಟಿಲ ಬಾಗಿಲು, ಮಹಡಿಗಳ ನಡುವಿನ ತಡೆಗಳ ಮೇಲೆ ಹೋಗುತ್ತದೆ. ಕೆನಡಾದಲ್ಲಿ ಟಮುರಾ ಮತ್ತು ವಿಲ್ಸನ್ 1960ರ ದಶಕದಲ್ಲಿ ಎತ್ತರದ ಕಟ್ಟಡಗಳಲ್ಲಿ ಅಳೆದಾಗ ಇದು 0.63ರಿಂದ 0.82ರ ನಡುವೆ ಸಿಕ್ಕಿತ್ತು. ನಾನು 0.7 ಹಿಡಿದೆ.

ಈಗ ಮೊದಲ ಮಹಡಿ ನೋಡಿ. ಅದರ ಮಧ್ಯಭಾಗ ನ್ಯೂಟ್ರಲ್ ಲೆವೆಲ್‌ನಿಂದ 46 ಮೀಟರ್ ಕೆಳಗೆ. ಒತ್ತಡ 58 ಪ್ಯಾಸ್ಕಲ್. ಒಳಗೆ ಬರುವ ಗಾಳಿ ಸೆಕೆಂಡಿಗೆ 844 ಲೀಟರ್. ಅದನ್ನು ಮೈನಸ್ 18ರಿಂದ 21ಕ್ಕೆ, ಅಂದರೆ 39 ಡಿಗ್ರಿ ಏರಿಸಲು ಹತ್ತಿರ ಹತ್ತಿರ 39.5 ಕಿಲೋವ್ಯಾಟ್ ಬೇಕು. ನನ್ನ ಹಳೇ ಶೀಟಿನಲ್ಲಿ ಅದೇ ಮಹಡಿಗೆ ಇದ್ದದ್ದು 111 ಲೀಟರ್, 5.2 ಕಿಲೋವ್ಯಾಟ್! ನಡುವಿನ 12ನೇ ಮಹಡಿಯಲ್ಲಿ ಸ್ಟ್ಯಾಕ್ ಒತ್ತಡ ಬರೀ 2.5 ಪ್ಯಾಸ್ಕಲ್, ಗಾಳಿ 120 ಲೀಟರ್. ಅಲ್ಲಿ ಮಾತ್ರ ಹಳೇ ಅಂಕಿ ಸುಮಾರಾಗಿ ಸರಿ ಇತ್ತು.

ಬೀಸುವ ಗಾಳಿಯನ್ನು ಸ್ಟ್ಯಾಕ್ ಗಾಳಿಗೆ ನೇರವಾಗಿ ಕೂಡಿಸಬಾರದು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ಹಳೇ 111 ಲೀಟರನ್ನು ಬೀಸುವ ಗಾಳಿಯ ಪಾಲಾಗಿ ಹಿಡಿದು ಹಾಗೆ ಮಾಡಿದಾಗ ಮೊದಲ ಮಹಡಿಯ ಅಂಕಿ ಅಲುಗಾಡುವುದೇ ಇಲ್ಲ, 12ನೆಯದು ಮಾತ್ರ 120ರಿಂದ 164ಕ್ಕೆ ಏರುತ್ತದೆ.

ಮೇಲಿನ 12 ಮಹಡಿಗಳಲ್ಲಿ ಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಒಮ್ಮೆ ಬಿಸಿಯಾದ ಗಾಳಿ ಶಾಫ್ಟ್‌ಗಳಲ್ಲಿ ಹತ್ತಿ ಬಂದು ಅಲ್ಲಿ ಸೋರುತ್ತದೆ. ಹಾಗಾಗಿ ಅಲ್ಲಿ ಸ್ಟ್ಯಾಕ್‌ನಿಂದ ಹೀಟಿಂಗ್ ಲೋಡ್ ಇಲ್ಲ. ಆದರೂ ನಾನು ಸೊನ್ನೆ ಬರೆಯಲಿಲ್ಲ. ಅಷ್ಟೇನೂ ಚಳಿ ಇಲ್ಲದೆ ಜೋರು ಗಾಳಿ ಬೀಸುವ ದಿನ ಸ್ಟ್ಯಾಕ್ ದುರ್ಬಲವಾಗಿರುತ್ತದೆ, ಗಾಳಿಗೆ ಎದುರಾದ ಗೋಡೆಯಿಂದ ಚಳಿ ನುಗ್ಗುತ್ತದೆ. ಅದಕ್ಕೆ ಆ ಮಹಡಿಗಳಿಗೆ ಹಳೇ 111 ಲೀಟರನ್ನೇ ಉಳಿಸಿಕೊಂಡೆ.

ಬಾಯ್ಲರ್ ಲೆಕ್ಕ ಬೇರೆ, ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಮೊದಲ ಮಹಡಿಯ 39.5 ಕಿಲೋವ್ಯಾಟನ್ನು 24ರಿಂದ ಗುಣಿಸಿದರೆ 948 ಕಿಲೋವ್ಯಾಟ್ ಆಗುತ್ತದೆ, ಅದು ಶುದ್ಧ ತಪ್ಪು. ಕೆಳಗಿನ 12 ಮಹಡಿಗಳನ್ನು ಒಂದೊಂದಾಗಿ ಕೂಡಿಸಿದಾಗ ಸ್ಟ್ಯಾಕ್‌ನಿಂದ ಒಟ್ಟು 6,400 ಲೀಟರ್, ಅಂದರೆ 300 ಕಿಲೋವ್ಯಾಟ್ ಬಂತು. 0.112 ಕೊಟ್ಟಿದ್ದು 125. ಅಂದರೆ ಇಡೀ ಕಟ್ಟಡಕ್ಕೆ ತಪ್ಪು ಎರಡೂವರೆ ಪಟ್ಟು, ಆದರೆ ಮೊದಲ ಮಹಡಿಯ ಹೀಟರಿಗೆ ಏಳೂವರೆ ಪಟ್ಟು. ಬಾಯ್ಲರಿನಲ್ಲಿ ಇಟ್ಟ ಹೆಚ್ಚುವರಿ ಅದರ ತಪ್ಪನ್ನು ನುಂಗಿಬಿಡಬಹುದು, ಮೊದಲ ಮಹಡಿಯ ಹೀಟರಿಗೆ ಆ ಅವಕಾಶ ಇಲ್ಲ.

ಬೇಸಿಗೆಗೆ ಇದೆಲ್ಲ ತಲೆಕೆಳಗು. ಹೊರಗೆ 31, ಒಳಗೆ 24 ಇದ್ದಾಗ ಮೀಟರಿಗೆ ಕಾಲು ಪ್ಯಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗಾಳಿ ಮೇಲೆ ಒಳಬಂದು ಕೆಳಗೆ ಹೊರಹೋಗುತ್ತದೆ. 24ನೇ ಮಹಡಿಯಲ್ಲಿ 8.6 ಪ್ಯಾಸ್ಕಲ್, 258 ಲೀಟರ್. ಅದನ್ನು ತಂಪು ಮಾಡಲು 2.2 ಕಿಲೋವ್ಯಾಟ್ ಸಾಕು, ಆದರೆ ಅದರ ತೇವ ತೆಗೆಯಲು ಹತ್ತಿರ ಹತ್ತಿರ 4 ಕಿಲೋವ್ಯಾಟ್ ಬೇಕು. ಬರೀ ತಾಪಮಾನ ನೋಡಿ ಕೂಲಿಂಗ್ ಲೋಡ್ ಹಾಕಿದರೆ ಮೂರರಲ್ಲಿ ಎರಡು ಪಾಲು ಬಿಟ್ಟುಹೋಗುತ್ತದೆ.

ಟೆಸ್ಟ್ ರಿಪೋರ್ಟ್ ಏನನ್ನು ಅಳೆದಿಲ್ಲ ಅನ್ನುವುದನ್ನೂ ಓದಬೇಕು. ಟೆಸ್ಟ್ ಮಾಡುವಾಗ ಒಳಗಿನ ಬಾಗಿಲು ಎಲ್ಲ ತೆರೆದಿದ್ದರು. ಗಾಳಿ ಎಳೆಯುವ, ಬಿಡುವ ಗ್ರಿಲ್‌ಗಳಿಗೆಲ್ಲ ಟೇಪ್ ಹಾಕಿದ್ದರು. ಲಾಬಿ ಬಾಗಿಲಲ್ಲಿ ಜನ ಓಡಾಡುವಾಗ ಬರುವ ಗಾಳಿ ಅದರಲ್ಲಿಲ್ಲ, ಅದಕ್ಕೆ ಬೇರೆಯೇ ಲೋಡ್ ಸೇರಿಸಿದೆ. ಟೆಸ್ಟನ್ನು ಮೇ ತಿಂಗಳಲ್ಲಿ ಮಾಡಿದ್ದಕ್ಕೂ ಕಾರಣ ಇದೆ. ಈ ಟೆಸ್ಟಿನ ಅಮೆರಿಕನ್ ಮಾನದಂಡ ASTM E779 ಪ್ರಕಾರ ಕಟ್ಟಡದ ಎತ್ತರವನ್ನು ಒಳಹೊರಗಿನ ತಾಪಮಾನದ ವ್ಯತ್ಯಾಸದಿಂದ ಗುಣಿಸಿದರೆ 200 ದಾಟಬಾರದು. 96 ಮೀಟರಿಗೆ ಅಂದರೆ ಬರೀ 2 ಡಿಗ್ರಿ! ಚಳಿಗಾಲದಲ್ಲಿ ಮಾಡಿದ ಟೆಸ್ಟ್ ಕೈಗೆ ಬಂದರೆ ನಾನು ನಂಬುವುದಿಲ್ಲ.

ಹೀಟರ್ ಆರ್ಡರ್ ಕೊಡುವ ಮುಂಚೆ, ಜನವರಿಯಲ್ಲಿ ಗಾಳಿ ಬೀಸದ ಒಂದು ಬೆಳಗ್ಗೆ, ನಾನೇ ಅಳೆಯಲು ಹೋದೆ. ಹೊರಗೆ ಮೈನಸ್ 14. ಹಿಂದಿನ ತುರ್ತು ಬಾಗಿಲನ್ನು ಹೊರಗೆ ತಳ್ಳಲು ಭುಜ ಕೊಡಬೇಕಾಯಿತು, ಬಿಟ್ಟ ಕೂಡಲೇ ಸಂದಿಯಲ್ಲಿ ಶಿಳ್ಳೆ ಹೊಡೆಯುತ್ತಾ ಮುಚ್ಚಿಕೊಂಡಿತು. ಬಾಗಿಲ ಕೆಳಗೆ ತೆಳ್ಳಗಿನ ನಳಿಕೆ ತೂರಿಸಿ ಮ್ಯಾನೋಮೀಟರ್ ಹಿಡಿದೆ: 58 ಪ್ಯಾಸ್ಕಲ್ ಒಳಮುಖ. ಆಮೇಲೆ ಚಾವಣಿಯ ಬಾಗಿಲಿಗೆ ಹೋದೆ: 45 ಹೊರಮುಖ. ಎರಡೂ ಸೇರಿ 103. ಆ ಚಳಿಗೆ ಪೂರ್ತಿ ಎತ್ತರದ ಸ್ಟ್ಯಾಕ್ ಒತ್ತಡ 153 ಇರಬೇಕು. ಭಾಗಿಸಿದರೆ 0.67. ನನ್ನ 0.7 ಸರಿಯಾಗಿಯೇ ಇತ್ತು.

ಆದರೆ ಕೆಳಗೆ 58, ಮೇಲೆ 45 ಅಂದರೆ ನ್ಯೂಟ್ರಲ್ ಲೆವೆಲ್ 48ರಲ್ಲಿ ಇಲ್ಲ, 54 ಮೀಟರಿನಲ್ಲಿದೆ. ಅದು ಯಾವಾಗಲೂ ದೊಡ್ಡ ರಂಧ್ರ ಇರುವ ಕಡೆ ಸರಿಯುತ್ತದೆ. ಮೇಲೆ ಎಲ್ಲೋ ತೆರೆದಿದೆ ಅಂತ ಹುಡುಕಿದೆ. ಲಿಫ್ಟ್ ಶಾಫ್ಟಿನ ತಲೆಯ ಮೇಲಿನ ಡ್ಯಾಂಪರ್, ಅಂದರೆ ಗಾಳಿದಾರಿ ಮುಚ್ಚುವ ತಗಡು, ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ಅದರ ಚೌಕಟ್ಟಿನ ಸುತ್ತ ಮೇ ತಿಂಗಳ ಟೆಸ್ಟಿನ ಟೇಪಿನ ಗೋಂದು ಇನ್ನೂ ಅಂಟಿಕೊಂಡಿತ್ತು. ಹಾಗೇ ಬಿಟ್ಟಿದ್ದರೆ, ಅಳೆದ ಒತ್ತಡದ ಪ್ರಕಾರ ಲೆಕ್ಕ ಹಾಕಿದರೆ, ಡಿಸೈನ್ ದಿನ ಮೊದಲ ಮಹಡಿಯ ಲೋಡ್ 39.5ರಿಂದ 41.6 ಕಿಲೋವ್ಯಾಟಿಗೆ ಏರುತ್ತಿತ್ತು, 13ನೇ ಮಹಡಿಯೂ 14ನೆಯದರ ಕೆಳಗಿನ ಅರ್ಧವೂ ಗಾಳಿ ಒಳಬರುವ ಕಡೆ ಸೇರುತ್ತಿದ್ದವು.

ಡ್ಯಾಂಪರ್ ಮೋಟರ್ ಬದಲಿಸಿದ ಮೇಲೆ, ಮೈನಸ್ 9ರ ಇನ್ನೊಂದು ಬೆಳಗ್ಗೆ ಮತ್ತೆ ಅಳೆದೆ. ಕೆಳಗೆ 44, ಮೇಲೆ 42. ನ್ಯೂಟ್ರಲ್ ಲೆವೆಲ್ 49 ಮೀಟರ್. ಅದೇ ಮಧ್ಯಾಹ್ನ ಹೀಟರ್ ಪಟ್ಟಿ ಕಳಿಸಿದೆ.