ಸವಕಳಿ ಲೆಕ್ಕ ಸರಿಯಿದೆಯೇ? ರಿಜಿಸ್ಟರ್ ಪರೀಕ್ಷಿಸುವುದು ಹೀಗೆ

ಮಾರ್ಚ್ ಮುಗಿದ ಮೇಲೆ ಅಸೆಟ್ ರಿಜಿಸ್ಟರನ್ನು ಹೊರಗೆ ತೆಗೆಯುತ್ತಾರೆ. ಕೆಳಗಿನ ಒಟ್ಟು ಮೊತ್ತ ಲೆಡ್ಜರ್ ಜೊತೆ ಟ್ಯಾಲಿ ಆಯಿತೇ? ಆಯಿತು. ಸರಿ ಎಂದು ಟಿಕ್ ಹಾಕಿ ಮುಚ್ಚಿಡುತ್ತಾರೆ. ಇದನ್ನು ಬಹಳ ಕಡೆ ನೋಡಿದ್ದೇನೆ. ಆದರೆ ಲೆಡ್ಜರ್‌ಗೆ ಎಂಟ್ರಿ ಹೋಗಿದ್ದೇ ಆ ರಿಜಿಸ್ಟರ್‌ನಿಂದ ಅಲ್ವಾ? ಅಲ್ಲಿ ತಪ್ಪಿದ್ದರೆ ಇಲ್ಲೂ ಅದೇ ತಪ್ಪು ಬಂದು ಕೂತಿರುತ್ತದೆ, ಎರಡೂ ಚೆನ್ನಾಗಿ ಹೊಂದುತ್ತವೆ. ಸವಕಳಿ ಸರಿಯಿದೆಯೇ ಎಂದು ತಿಳಿಯಲು ಒಂದೇ ದಾರಿ: ಒಂದು ಆಸ್ತಿಯನ್ನು ಹಿಡಿದು ಬಿಲ್‌ನಿಂದ ಶುರುಮಾಡಿ ಮತ್ತೆ ಲೆಕ್ಕ ಹಾಕುವುದು.

ಒಂದು ಸಣ್ಣ ಕಂಪನಿಯ ಲೇತ್ ಮೆಷೀನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೇಲೆ ಎಸ್‌ಎಲ್‌ಎಂ, ಅಂದರೆ ಪ್ರತಿ ವರ್ಷ ಸಮನಾಗಿ ಸವಕಳಿ ಹಾಕುವ ಕ್ರಮ, ಮತ್ತು ಡಬ್ಲ್ಯೂಡಿವಿ, ಅಂದರೆ ಉಳಿದ ಬೆಲೆಯ ಮೇಲೆ ಹಾಕುವ ಕ್ರಮ, ಎರಡನ್ನೂ ಹಾಕಿ ನೋಡೋಣ.

ಮೊದಲು: ಬೆಲೆ, ದಿನಾಂಕ, ಆಯಸ್ಸು

ಬಿಲ್ ತೆಗೆಯಿರಿ. ಮೆಷೀನ್ ಬೆಲೆ 5,60,000 ರೂಪಾಯಿ. ಲಾರಿ ಬಾಡಿಗೆ 15,000. ಫೌಂಡೇಶನ್ ಮತ್ತು ಕೂರಿಸುವ ಖರ್ಚು 25,000. ಒಟ್ಟು 6,00,000. ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದು ಇದರಲ್ಲಿ ಸೇರಬಾರದು. ವಾರ್ಷಿಕ ಮೆಂಟೆನೆನ್ಸ್ ಹಣವೂ ಸೇರಬಾರದು.

ದಿನಾಂಕದ ವಿಷಯದಲ್ಲಿ ಸ್ವಲ್ಪ ಹುಷಾರು. ಬಿಲ್ 2022ರ ಸೆಪ್ಟೆಂಬರ್ 12ರದ್ದು. ಆದರೆ ಮೆಷೀನ್ ಕೂರಿಸಿ, ಟ್ರಯಲ್ ಮುಗಿದು ಕೆಲಸಕ್ಕೆ ಸಿದ್ಧವಾಗಿದ್ದು ಅಕ್ಟೋಬರ್ 1ಕ್ಕೆ. ಸವಕಳಿ ಶುರುವಾಗುವುದು ಅಕ್ಟೋಬರ್ 1ರಿಂದ, ಬಿಲ್ ದಿನಾಂಕದಿಂದಲ್ಲ. ಇನ್‌ಸ್ಟಲೇಶನ್ ರಿಪೋರ್ಟಿನ ಒಂದು ಪ್ರತಿಯನ್ನು ಬಿಲ್ ಜೊತೆಗೇ ಪಿನ್ ಮಾಡಿಡಿ.

ಆಯಸ್ಸು 2013ರ ಕಂಪನಿ ಕಾಯ್ದೆಯ ಶೆಡ್ಯೂಲ್ 2ರಲ್ಲಿದೆ. ಸಾಮಾನ್ಯ ಯಂತ್ರಗಳಿಗೆ 15 ವರ್ಷ, ಪೀಠೋಪಕರಣಕ್ಕೆ 10, ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗೆ 3. ಕೊನೆಯಲ್ಲಿ ಉಳಿಯುವ ಬೆಲೆ ಸಾಮಾನ್ಯವಾಗಿ ಮೂಲ ಬೆಲೆಯ ಶೇ 5ಕ್ಕಿಂತ ಜಾಸ್ತಿ ಇರಬಾರದು. ನಮ್ಮ ಲೇತ್‌ಗೆ ಅದು 30,000. ಇಲ್ಲಿ ಒಂದೇ ಪಾಳಿಯ ಕೆಲಸ ಎಂದಿಟ್ಟುಕೊಂಡಿದ್ದೇನೆ. ಎರಡು ಪಾಳಿ ಓಡುವ ಯಂತ್ರಕ್ಕೆ ಆ ಅವಧಿಯ ಸವಕಳಿ ಶೇ 50ರಷ್ಟು ಏರುತ್ತದೆ, ಮೂರು ಪಾಳಿಗೆ ಶೇ 100ರಷ್ಟು.

ಎಸ್‌ಎಲ್‌ಎಂ: ಬೇಗ ಮುಗಿಯುತ್ತದೆ

6,00,000ದಲ್ಲಿ 30,000 ಕಳೆದರೆ 5,70,000. ಅದನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 38,000. ಮೊದಲ ವರ್ಷ 2023ರ ಮಾರ್ಚ್ 31ರವರೆಗೆ 182 ದಿನ. ಹಾಗಾಗಿ 38,000ವನ್ನು 182ರಿಂದ ಗುಣಿಸಿ 365ರಿಂದ ಭಾಗಿಸಿ: 18,948. ಮುಂದಿನ 14 ವರ್ಷ ಪೂರ್ತಿ 38,000.

ದಿನ ಎಣಿಸುವಾಗ ಎಕ್ಸೆಲ್‌ನಲ್ಲಿ ಒಂದು ದಿನ ಕಳೆದುಹೋಗುತ್ತದೆ. ಎರಡು ದಿನಾಂಕಗಳನ್ನು ಸುಮ್ನೆ ಕಳೆದರೆ 181 ಬರುತ್ತದೆ, ಮೊದಲ ದಿನವನ್ನು ಅದು ಎಣಿಸುವುದಿಲ್ಲ. ಕೊನೆಯಲ್ಲಿ ಒಂದು ಕೂಡಿಸಬೇಕು:

```
=DATE(2023,3,31)-DATE(2022,10,1)+1
```

ಈ ಕ್ರಮದಲ್ಲಿ ಎಲ್ಲರೂ ನೋಡದೇ ಬಿಡುವುದು ಬಾಲವನ್ನು. 15 ವರ್ಷ ತುಂಬುವುದು 2037ರ ಸೆಪ್ಟೆಂಬರ್ 30ಕ್ಕೆ. ಅಂದರೆ 2037-38ರಲ್ಲಿ ಬರೀ 183 ದಿನ, ಸವಕಳಿ 19,052. ಮೊದಲ ತುಂಡು 18,948, ಕೊನೆಯ ತುಂಡು 19,052, ಎರಡೂ ಸೇರಿ ಸರಿಯಾಗಿ ಒಂದು ವರ್ಷದ 38,000. ಹಾಗೆ ಸೇರದಿದ್ದರೆ ದಿನಗಳ ಲೆಕ್ಕ ತಪ್ಪಿದೆ. ಕೊನೆಯ ವರ್ಷವೂ ಪೂರ್ತಿ 38,000 ಹಾಕಿಬಿಟ್ಟರೆ ಉಳಿದ ಬೆಲೆ 30,000ದಲ್ಲಿ ನಿಲ್ಲದೆ 11,052ಕ್ಕೆ ಇಳಿದುಬಿಡುತ್ತದೆ. ಹಳೆಯ ರಿಜಿಸ್ಟರ್‌ಗಳಲ್ಲಿ ಉಳಿದ ಬೆಲೆ ಮೈನಸ್ ಆಗಿರುವ ಆಸ್ತಿಗಳೂ ಸಿಗುತ್ತವೆ. ಆ ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ, ಅವೇ ಮೇಲೆ ಬಂದು ನಿಲ್ಲುತ್ತವೆ.

ಡಬ್ಲ್ಯೂಡಿವಿ: ಇಲ್ಲೇ ಎಡವುವುದು

ಈಗ ಅದೇ ಲೇತ್, ಇನ್ನೊಂದು ಕ್ರಮ. ಮೊದಲು ದರ ಬೇಕು. ಅದನ್ನು ಯಾರೋ ಕೊಟ್ಟ ಪಟ್ಟಿಯಿಂದ ಎತ್ತಿಕೊಳ್ಳಬೇಡಿ, ನೀವೇ ತೆಗೆಯಿರಿ:

```
=ROUND(1-(30000/600000)^(1/15),4)
```

ಉತ್ತರ ಶೇ 18.10. ಈ ದರವನ್ನು ಒಂದೇ ಸೆಲ್‌ನಲ್ಲಿ ಇಟ್ಟು ಲಾಕ್ ಮಾಡಿ, ಎಲ್ಲಾ ಸಾಲುಗಳೂ ಅಲ್ಲಿಂದಲೇ ತೆಗೆದುಕೊಳ್ಳಲಿ. ಸಾಲು ಸಾಲಿಗೂ ದರವನ್ನು ಟೈಪ್ ಮಾಡಿರುವ ಶೀಟ್ ಕಂಡರೆ ನಾನು ಅದನ್ನು ನಂಬುವುದಿಲ್ಲ, ನೀವೂ ನಂಬಬೇಡಿ.

ಮೊದಲ ಮೂರು ವರ್ಷ ಹೀಗೆ ಬರಬೇಕು:

| ವರ್ಷ | ಆರಂಭದ ಬೆಲೆ | ಸವಕಳಿ | ಉಳಿದ ಬೆಲೆ |
|---|---|---|---|
| 2022-23 (182 ದಿನ) | 6,00,000 | 54,151 | 5,45,849 |
| 2023-24 | 5,45,849 | 98,799 | 4,47,050 |
| 2024-25 | 4,47,050 | 80,916 | 3,66,134 |

ನಿಮ್ಮ ರಿಜಿಸ್ಟರ್‌ನಲ್ಲಿ ಬೇರೆ ಅಂಕಿ ಇದ್ದರೆ, ಆ ಅಂಕಿಯೇ ತಪ್ಪು ಯಾವುದೆಂದು ಹೇಳಿಬಿಡುತ್ತದೆ. ಎರಡನೇ ವರ್ಷ 1,08,600 ಎಂದಿದೆಯೇ? ಹಾಗಾದರೆ ಉಳಿದ ಬೆಲೆಯ ಬದಲು ಮೂಲ ಬೆಲೆಯ ಮೇಲೆ ದರ ಹಾಕಿದ್ದಾರೆ. 49,264 ಎಂದಿದೆಯೇ? ಮೊದಲ ವರ್ಷದ ಫಾರ್ಮುಲಾವನ್ನು ಕೆಳಗೆ ಎಳೆದಿದ್ದಾರೆ, ಅದರ ಜೊತೆ 182 ದಿನವೂ ಇಳಿದು ಬಂದಿದೆ. ಇದು ತುಂಬಾ ಸಾಮಾನ್ಯ. ಎರಡನೇ ವರ್ಷದಲ್ಲಿ ಸವಕಳಿ ಮೊದಲ ವರ್ಷಕ್ಕಿಂತ ಜಾಸ್ತಿ ಬರುವುದು ನೋಡಲು ವಿಚಿತ್ರ ಅನಿಸುತ್ತದೆ, ಡಬ್ಲ್ಯೂಡಿವಿ ಅಂದರೆ ಇಳಿಯುತ್ತಾ ಹೋಗಬೇಕಲ್ಲ ಎಂದುಕೊಂಡು ಯಾರೂ 49,264ನ್ನು ಪ್ರಶ್ನಿಸುವುದಿಲ್ಲ. ಮೊದಲ ವರ್ಷ ಅರ್ಧವೇ ಇತ್ತು ಎನ್ನುವುದನ್ನು ಮರೆತಿರುತ್ತಾರೆ.

ಮೂರನೆಯ ತಪ್ಪು ಇವೆರಡಕ್ಕಿಂತ ಕಳ್ಳ. ಮೊದಲ ವರ್ಷ 51,444 ಎಂದಿದ್ದರೆ, 6,00,000ದಲ್ಲಿ 30,000 ಕಳೆದು ಆಮೇಲೆ ಶೇ 18.10 ಹಾಕಿದ್ದಾರೆ. ಎಸ್‌ಎಲ್‌ಎಂನಲ್ಲಿ ಕಳೆಯಬೇಕು, ಡಬ್ಲ್ಯೂಡಿವಿಯಲ್ಲಿ ಕಳೆಯಬಾರದು. ಯಾಕೆಂದರೆ ದರ ತೆಗೆಯುವ ಸೂತ್ರದೊಳಗೇ ಆ 30,000 ಆಗಲೇ ಕೂತಿದೆ. ಎರಡು ಸಲ ಕಳೆದರೆ 15 ವರ್ಷ ಆದ ಮೇಲೂ 30,000ದ ಜಾಗದಲ್ಲಿ ಸುಮಾರು 58,500 ಉಳಿದಿರುತ್ತದೆ.

ನೂರಾರು ಆಸ್ತಿ ಇದ್ದರೆ ಎಲ್ಲವನ್ನೂ ಹೀಗೆ ಕೈಯಲ್ಲಿ ಹಾಕಲಾಗದು. ಅದಕ್ಕೆ ಒಂದು ಉಪಾಯವಿದೆ. ಪಕ್ಕದಲ್ಲಿ ಒಂದು ಕಾಲಮ್ ಸೇರಿಸಿ, ಈ ವರ್ಷದ ಸವಕಳಿಯನ್ನು ಹಿಂದಿನ ವರ್ಷದ ಸವಕಳಿಯಿಂದ ಭಾಗಿಸಿ. ಎರಡೂ ಪೂರ್ತಿ ವರ್ಷಗಳಾಗಿದ್ದರೆ ಉತ್ತರ ಯಾವಾಗಲೂ ಒಂದರಲ್ಲಿ ದರ ಕಳೆದಷ್ಟೇ ಇರಬೇಕು. ನಮ್ಮ ಲೇತ್‌ಗೆ 80,916 ಭಾಗಿಸು 98,799, ಅಂದರೆ 0.819. ಹದಿನೈದು ವರ್ಷದ ಯಂತ್ರಗಳೆಲ್ಲಾ 0.819 ತೋರಿಸುತ್ತಾ ಹೋಗಿ ನಡುವೆ ಒಂದು 1.000 ಬಂದರೆ, ಅದರ ಮೇಲೆ ಬೆರಳಿಡಿ. ಯಾರೋ ಅದಕ್ಕೆ ಎಸ್‌ಎಲ್‌ಎಂ ಹಾಕಿದ್ದಾರೆ, ಇಲ್ಲವೇ ಪ್ರತಿ ವರ್ಷ ಮೂಲ ಬೆಲೆಯ ಮೇಲೇ ದರ ಹಾಕಿದ್ದಾರೆ.

ಆದರೆ ಈ ಉಪಾಯಕ್ಕೂ ಮಿತಿಯಿದೆ. ಎರಡು ಸಲ ಕಳೆದ ತಪ್ಪನ್ನು ಅದು ಹಿಡಿಯುವುದಿಲ್ಲ, ಅಲ್ಲೂ 0.819 ಬರುತ್ತದೆ. ಮೊದಲ ವರ್ಷ ದಿನದ ಲೆಕ್ಕ ಬಿಟ್ಟು ಪೂರ್ತಿ ಸವಕಳಿ ಹಾಕಿದ್ದರೂ ಮುಂದಿನ ವರ್ಷಗಳಲ್ಲಿ 0.819 ಬರುತ್ತದೆ. ಹಾಗಾಗಿ ಆಸ್ತಿ ಸೇರಿದ ವರ್ಷವನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ನೋಡಬೇಕು. ಅದಕ್ಕೆ ಸುಲಭ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು. 2037ರ ಸೆಪ್ಟೆಂಬರ್‌ವರೆಗೆ ಈ ಶೆಡ್ಯೂಲ್ ಓಡಿಸಿದರೆ ಕೊನೆಗೆ ಉಳಿಯುವುದು ಸರಿಯಾಗಿ 30,000 ಅಲ್ಲ, ಸುಮಾರು 30,320. ಇದು ತಪ್ಪಲ್ಲ. ಮೊದಲ ಮತ್ತು ಕೊನೆಯ ವರ್ಷ ದಿನದ ಲೆಕ್ಕದಲ್ಲಿ ತುಂಡಾಗಿರುವುದರಿಂದ, ಮತ್ತು ದರವನ್ನು ಎರಡು ದಶಮಾಂಶಕ್ಕೆ ನಿಲ್ಲಿಸಿರುವುದರಿಂದ ಬರುವ ವ್ಯತ್ಯಾಸ. ಕೊನೆಯ ವರ್ಷದಲ್ಲಿ ಅದನ್ನು ಸೇರಿಸಿ 30,000ಕ್ಕೆ ತಂದರಾಯಿತು.

ಎಕ್ಸೆಲ್ ಫಂಕ್ಷನ್‌ಗಳ ಸಹವಾಸ

`DDB` ಎನ್ನುವ ಫಂಕ್ಷನ್ ನಮ್ಮ ಡಬ್ಲ್ಯೂಡಿವಿ ಅಲ್ಲ. ಅದು ಎಸ್‌ಎಲ್‌ಎಂ ದರವನ್ನು ದುಪ್ಪಟ್ಟು ಮಾಡುತ್ತದೆ, 15 ವರ್ಷಕ್ಕೆ ಶೇ 13.33. ನಮ್ಮ ಲೇತ್‌ಗೆ ಮೊದಲ ಪೂರ್ತಿ ವರ್ಷಕ್ಕೆ 80,000 ತೋರಿಸುತ್ತದೆ, ಬರಬೇಕಾದದ್ದು 1,08,600. `DB` ನಮ್ಮದಕ್ಕೆ ಹತ್ತಿರ. ಆದರೆ ಅದು ದಿನ ಎಣಿಸುವುದಿಲ್ಲ, ತಿಂಗಳು ಎಣಿಸುತ್ತದೆ. ಆರು ತಿಂಗಳಿಗೆ 54,300 ಕೊಡುತ್ತದೆ, ನಮ್ಮದು 54,151. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಶೀಟ್‌ಗಳಲ್ಲಿ ಇವೆರಡರಲ್ಲಿ ಒಂದು ಅಡಗಿರುವ ಸಾಧ್ಯತೆ ಇದೆ. ಸೆಲ್ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಓದದೆ ಬಳಸಬೇಡಿ. ಸಾದಾ ಗುಣಾಕಾರ, ಭಾಗಾಕಾರದ ಫಾರ್ಮುಲಾ ಸಾಕು.

ತೆರಿಗೆ ಲೆಕ್ಕವನ್ನು ಬೆರೆಸಬೇಡಿ

ಆದಾಯ ತೆರಿಗೆಗೆ ಪ್ರತ್ಯೇಕ ಶೀಟ್ ಇರಲಿ. ಅಲ್ಲಿ ಆಯಸ್ಸಿನ ಮಾತಿಲ್ಲ, ಒಂದೊಂದು ಆಸ್ತಿಯ ಲೆಕ್ಕವೂ ಇಲ್ಲ, ಬ್ಲಾಕ್‌ಗೆ, ಅಂದರೆ ಒಂದೇ ಬಗೆಯ ಆಸ್ತಿಗಳ ಗುಂಪಿಗೆ, ಒಂದು ದರ. ಯಂತ್ರಗಳಿಗೆ ಸಾಮಾನ್ಯವಾಗಿ ಶೇ 15. ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮಾತ್ರ ಅರ್ಧ ದರ. ನಮ್ಮ ಲೇತ್ ಅಕ್ಟೋಬರ್ 1ರಂದೇ ಬಳಕೆಗೆ ಬಂದಿದ್ದರೆ 182 ದಿನ ಆಯಿತು, ಹಾಗಾಗಿ ತೆರಿಗೆಯಲ್ಲಿ ಪೂರ್ತಿ 90,000. ಅಕ್ಟೋಬರ್ 5ಕ್ಕೆ ಬಂದಿದ್ದರೆ 178 ದಿನ, ಸಿಗುತ್ತಿದ್ದುದು 45,000. ಈ ಅರ್ಧದ ನಿಯಮವನ್ನು ಕಂಪನಿ ಲೆಕ್ಕಕ್ಕೂ ಹಾಕಿಬಿಡುವವರಿದ್ದಾರೆ. ಅಲ್ಲಿ ದಿನಕ್ಕೆ ತಕ್ಕಷ್ಟೇ, 180ರ ಗೆರೆ ಇಲ್ಲ.

ಮಾರಿದ ಆಸ್ತಿ

ರಿಜಿಸ್ಟರ್ ಹಿಡಿದು ಶೆಡ್‌ಗೆ ಒಂದು ಸುತ್ತು ಹೋಗಿಬನ್ನಿ. ಮಾರಿಹೋದ ಯಂತ್ರಕ್ಕೂ ಸವಕಳಿ ಬೀಳುತ್ತಿರುವುದು ಕುರ್ಚಿಯಲ್ಲಿ ಕೂತರೆ ಗೊತ್ತಾಗುವುದಿಲ್ಲ.

ನಮ್ಮ ಲೇತನ್ನು ಡಬ್ಲ್ಯೂಡಿವಿಯಲ್ಲಿ ಇಟ್ಟು, 2024ರ ಜೂನ್ 30ರಂದು 4,00,000ಕ್ಕೆ ಮಾರಿದರು ಎನ್ನೋಣ. ಆ ವರ್ಷ 91 ದಿನಕ್ಕೆ ಸವಕಳಿ 20,174. ಉಳಿದ ಬೆಲೆ 4,26,876. ನಷ್ಟ 26,876. ಇನ್ನು ರಿಜಿಸ್ಟರ್‌ನಿಂದ ಎರಡು ಅಂಕಿ ಹೊರಗೆ ಹೋಗಬೇಕು: ಮೂಲ ಬೆಲೆ 6,00,000 ಮತ್ತು ಇದುವರೆಗೆ ಸೇರಿದ ಸವಕಳಿ 1,73,124. ಮಾರಿದ ಹಣ 4,00,000ವನ್ನು ಮೂಲ ಬೆಲೆಯ ಕಾಲಮ್ಮಿನಿಂದ ಕಳೆದು ಸುಮ್ಮನಾಗುವುದು ತೆರಿಗೆ ಬ್ಲಾಕ್‌ನ ಅಭ್ಯಾಸ, ಇಲ್ಲಿ ಅದು ನಡೆಯುವುದಿಲ್ಲ. ಹಾಗೆ ಮಾಡಿದರೆ ಇಲ್ಲದ ಯಂತ್ರದ ಹೆಸರಲ್ಲಿ 2,00,000 ಬೆಲೆ ಉಳಿದು, ಅದರ ಮೇಲೆ ಮುಂದಿನ ವರ್ಷವೂ ಲೆಕ್ಕ ಓಡುತ್ತದೆ.

ಹಿಂದಿನ ವರ್ಷಗಳ ತಪ್ಪು ಸಿಕ್ಕರೆ ಹಳೆಯ ಶೀಟನ್ನು ತೆರೆದು ಗುಟ್ಟಾಗಿ ತಿದ್ದಬೇಡಿ. ಆ ಅಂಕಿಗಳು ಸಹಿಯಾದ ಬ್ಯಾಲೆನ್ಸ್ ಶೀಟ್‌ನಲ್ಲಿವೆ. ಆಸ್ತಿಯ ಹೆಸರು, ಆಗಿದ್ದ ಅಂಕಿ, ಆಗಬೇಕಿದ್ದ ಅಂಕಿ, ವ್ಯತ್ಯಾಸ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಆಡಿಟರ್ ಕೈಗೆ ಕೊಡಿ. ಅದನ್ನು ಈ ವರ್ಷದ ಲೆಕ್ಕದಲ್ಲಿ ಬೇರೆಯಾಗಿ ತೋರಿಸಬೇಕೋ, ಹಳೆಯ ಅಂಕಿಗಳನ್ನೇ ಬದಲಿಸಿ ತೋರಿಸಬೇಕೋ ಎನ್ನುವುದು ಕಂಪನಿ ಯಾವ ಲೆಕ್ಕ ಮಾನದಂಡ ಪಾಲಿಸುತ್ತದೆ ಎನ್ನುವುದರ ಮೇಲೆ ನಿಂತಿದೆ.