ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗೆ ಮಾಹಿತಿ ಕೇಳುವಾಗ: ‘18 ಗಂಟೆ’ಯ ಅಡ್ಡಗೋಡೆ

ಊರಲ್ಲಿ ಆರ್‌ಟಿಐ ಅರ್ಜಿ ಹಾಕಿದವರಿಗೆ ಇಲ್ಲಿನ ಕಾನೂನು ಮೊದಲಿಗೆ ತುಂಬಾ ಸಲೀಸು ಅನಿಸುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಬೇಡ, ಪೌರತ್ವವೂ ಬೇಡ. ಫ್ರೀಡಂ ಆಫ್ ಇನ್ಫರ್ಮೇಶನ್ ಆಕ್ಟ್ 2000ರ ಪ್ರಕಾರ ಯಾವ ವೀಸಾದಲ್ಲಿದ್ದರೂ ಕೇಳಬಹುದು. ಕಾನೂನು ಪೂರ್ತಿ ಜಾರಿಗೆ ಬಂದದ್ದು 2005ರ ಜನವರಿಯಲ್ಲಿ. ನಿಮ್ಮ ನಿಜವಾದ ಹೆಸರು, ಉತ್ತರ ಕಳಿಸಲು ಒಂದು ಇಮೇಲ್, ಏನು ಬೇಕು ಅನ್ನುವ ವಿವರ, ಇಷ್ಟಿದ್ದರೆ ಆಯಿತು. 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು.

ಬರದಿದ್ದರೆ? ನಮ್ಮಲ್ಲಿ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ ಹಾಕುವ ಅವಕಾಶವಿದೆ. ಇಲ್ಲಿ ಆ ಭಯ ಇಲ್ಲ. ಹಾಗಾಗಿ ಸುಮ್ನೆ ಕೂರುವುದು ಕೆಲವು ಕಚೇರಿಗಳಿಗೆ ಅಗ್ಗದ ದಾರಿ. ಆದರೆ ಜಾಸ್ತಿ ಕಾಡುವುದು ತಡವಲ್ಲ, ಸೆಕ್ಷನ್ 12. ಮಾಹಿತಿ ಹುಡುಕಲು ಖರ್ಚು ಮಿತಿ ಮೀರುತ್ತದೆ ಎಂದು ಹೇಳಿ ಅರ್ಜಿಯನ್ನೇ ತಿರಸ್ಕರಿಸುವ ದಾರಿ ಅದು. ಕೇಂದ್ರ ಸರ್ಕಾರದ ಇಲಾಖೆಗೆ ಮಿತಿ 600 ಪೌಂಡ್, ಕೌನ್ಸಿಲ್, ಪೊಲೀಸ್, ಆಸ್ಪತ್ರೆಗಳಿಗೆ 450 ಪೌಂಡ್. ಗಂಟೆಗೆ 25 ಪೌಂಡ್ ಲೆಕ್ಕ. ಅಂದರೆ ಕೌನ್ಸಿಲ್‌ಗೆ 18 ಗಂಟೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಕ್ಕಳನ್ನು ಬಿಡುವ ಹೊತ್ತಿಗೆ ಶಾಲೆಯ ರಸ್ತೆಗೆ ಕಾರು ಬಿಡದ ‘ಸ್ಕೂಲ್ ಸ್ಟ್ರೀಟ್’ ನಿಮ್ಮ ಬೀದಿಯಲ್ಲಿ ಬಂದಿದೆ. ಕ್ಯಾಮೆರಾ ಇಟ್ಟಿದ್ದಾರೆ, ಬೋರ್ಡು ಮರದ ಮರೆಯಲ್ಲಿದೆ, ಅಕ್ಕಪಕ್ಕದವರಿಗೆಲ್ಲ ದಂಡದ ನೋಟಿಸು. ನೀವು ಸಿಟ್ಟಿನಲ್ಲಿ ಬರೆಯುತ್ತೀರಿ: ‘ಈ ಕ್ಯಾಮೆರಾ ಬಗ್ಗೆ ಇರುವ ಎಲ್ಲ ಇಮೇಲ್, ಎಲ್ಲ ದೂರುಗಳನ್ನು ಕೊಡಿ.’ ಅವರಿಗೆ ಬೇಕಿದ್ದದ್ದೇ ಇದು. 2,000 ದೂರುಗಳಿವೆ, ಒಂದೊಂದನ್ನು ತೆರೆದು ನೋಡಲು 5 ನಿಮಿಷ ಅಂದರೂ 166 ಗಂಟೆ ದಾಟುತ್ತದೆ. ಅರ್ಜಿ ವಜಾ.

ಅದನ್ನೇ ಹೀಗೆ ಕೇಳಿ: ‘ಇಂಥ ರಸ್ತೆಯ ಕ್ಯಾಮೆರಾದಿಂದ 2024ರ ಜನವರಿಯಿಂದ ಜೂನ್‌ವರೆಗೆ ತಿಂಗಳಿಗೆ ಎಷ್ಟು ಪೆನಾಲ್ಟಿ ನೋಟಿಸು ಹೋಗಿವೆ? ಎಷ್ಟನ್ನು ಪ್ರಶ್ನಿಸಲಾಯಿತು, ಎಷ್ಟು ರದ್ದಾದವು? ಬೋರ್ಡು ಅಳವಡಿಸುವ ಮುಂಚೆ ಮಾಡಿದ ಸ್ಥಳ ಪರಿಶೀಲನೆಯ ವರದಿ ಇದ್ದರೆ ಅದರ ಪ್ರತಿ.’ ದಂಡದ ಲೆಕ್ಕ ಸಾಮಾನ್ಯವಾಗಿ ಅವರ ಸಾಫ್ಟ್‌ವೇರಿನಲ್ಲೇ ಇರುತ್ತದೆ. ಅದನ್ನು ತೆಗೆಯಲು 18 ಗಂಟೆ ಬೇಕು ಅನ್ನುವುದು ಕಷ್ಟ. ರದ್ದಾದವುಗಳ ಸಂಖ್ಯೆ ಜಾಸ್ತಿ ಇದ್ದರೆ ನಿಮ್ಮ ವಾದಕ್ಕೆ ಅದೇ ಬಲ.

ಹೀಗಿದ್ದೂ ಸೆಕ್ಷನ್ 12 ಅಂತ ಬಂದರೆ ಲೆಕ್ಕ ಕೇಳಿ. ಆ ಗಂಟೆಗಳಲ್ಲಿ ಮಾಹಿತಿ ಇದೆಯೇ ಎಂದು ನೋಡುವುದು, ಹುಡುಕುವುದು, ಹೊರತೆಗೆಯುವುದು ಮಾತ್ರ ಸೇರಬಹುದು. ಹೆಸರುಗಳಿಗೆ ಕಪ್ಪು ಬಳಿಯುವ ಸಮಯ ಸೇರಬಾರದು, ಕೊಡಬೇಕೇ ಬೇಡವೇ ಎಂದು ಯೋಚಿಸುವ ಸಮಯವೂ ಸೇರಬಾರದು. ತಿರಸ್ಕರಿಸುವಾಗಲೂ ಅರ್ಜಿಯನ್ನು ಹೇಗೆ ಕಿರಿದು ಮಾಡಬಹುದು ಎಂದು ಸಲಹೆ ಕೊಡುವುದು ಸೆಕ್ಷನ್ 16ರ ಪ್ರಕಾರ ಅವರ ಕರ್ತವ್ಯ. ಇನ್ನೊಂದು, ಹೆಂಡತಿ, ಗೆಳೆಯರು ಸೇರಿ ಒಂದೇ ಪ್ರಶ್ನೆಯನ್ನು ಹಂಚಿಕೊಂಡು ಹಾಕುವ ಉಪಾಯ ಬೇಡ. ಒಟ್ಟಾಗಿ ಕೆಲಸ ಮಾಡುವವರು 60 ಕೆಲಸದ ದಿನಗಳೊಳಗೆ ಒಂದೇ ವಿಷಯದ ಮೇಲೆ ಹಾಕಿದ ಅರ್ಜಿಗಳ ಖರ್ಚನ್ನು ಅವರು ಕೂಡಿಸಬಹುದು.

ಮಾಹಿತಿ ಕೊಟ್ಟ ಮೇಲೂ ಕಪ್ಪು ಬಳಿದ ಜಾಗ ನೋಡಿಕೊಳ್ಳಿ. ಇಲ್ಲಿನ ಸಂಸದರ ಖರ್ಚಿನ ಲೆಕ್ಕವನ್ನು ಕೊಡಲೇಬೇಕೆಂದು ಹೈಕೋರ್ಟ್ 2008ರಲ್ಲಿ ಹೇಳಿತ್ತು. 2009ರ ಜೂನ್‌ನಲ್ಲಿ ಪಾರ್ಲಿಮೆಂಟ್ ಪ್ರಕಟಿಸಿದ ಕಾಗದಗಳಲ್ಲಿ ವಿಳಾಸಗಳೇ ಕಪ್ಪಾಗಿದ್ದವು. ಸಂಸದರಿಗೆ ಎರಡನೇ ಮನೆಯ ಖರ್ಚು ಸಾರ್ವಜನಿಕ ಹಣದಿಂದ ಸಿಗುತ್ತಿತ್ತು. ಯಾವ ಮನೆಯನ್ನು ‘ಎರಡನೇ ಮನೆ’ ಎಂದು ಬದಲಿಸಿ ಬದಲಿಸಿ ಹಣ ಪಡೆದರು ಅನ್ನುವುದು ವಿಳಾಸವಿಲ್ಲದೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪೂರ್ತಿ ಕಡತ ಸೋರಿ ಪತ್ರಿಕೆಯಲ್ಲಿ ಬಂದಿತ್ತು, ಇಲ್ಲದಿದ್ದರೆ ಆ ಹಗರಣ ಅರ್ಧವೂ ಹೊರಬರುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಉತ್ತರ ಒಪ್ಪಿಗೆಯಾಗದಿದ್ದರೆ 40 ಕೆಲಸದ ದಿನಗಳೊಳಗೆ ಅದೇ ಕಚೇರಿಗೆ ‘ಇಂಟರ್ನಲ್ ರಿವ್ಯೂ’ ಕೇಳಿ. ಅದೂ ಸರಿಯಾಗದಿದ್ದರೆ ತಡಮಾಡದೆ ಇನ್ಫರ್ಮೇಶನ್ ಕಮಿಷನರ್ ಕಚೇರಿಗೆ ದೂರು, ಆಮೇಲೆ 28 ದಿನಗಳೊಳಗೆ ಟ್ರಿಬ್ಯೂನಲ್. ದೂರಿಗೆ ಶುಲ್ಕವಿಲ್ಲ, ಆದರೆ ತಿಂಗಳುಗಳು ಹಿಡಿಯಬಹುದು.

ನಿಮ್ಮ ಸ್ವಂತ ವೀಸಾ ಕಡತ ಬೇಕಿದ್ದರೆ ಈ ಕಾನೂನಿನಲ್ಲಿ ಕೇಳಬೇಡಿ, ಕೊಡುವುದಿಲ್ಲ. ಅದಕ್ಕೆ ಡೇಟಾ ಪ್ರೊಟೆಕ್ಷನ್ ಕಾನೂನಿನಲ್ಲಿ ‘ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್’ ಹಾಕಬೇಕು, ಸಾಮಾನ್ಯವಾಗಿ ಒಂದು ತಿಂಗಳ ಗಡುವು. ಸ್ಕಾಟ್ಲೆಂಡ್‌ನ ಕೌನ್ಸಿಲ್‌ಗಳಿಗೆ 2002ರ ಬೇರೆ ಕಾನೂನಿದೆ, ಕಮಿಷನರ್ ಕೂಡ ಬೇರೆ. ಅಲ್ಲಿರುವವರು ಮೇಲಿನ ಸೆಕ್ಷನ್ ನಂಬರುಗಳನ್ನು ಹಾಗೇ ಬರೆಯಬೇಡಿ.